ಆ್ಯಪ್‌ನಲ್ಲಿ ಬುಕ್ ಮಾಡಿ, ಹೋಟೆಲ್‌ಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿದೆ

ಪ್ರಶ್ನೆ: ಬೆಳಗಾವಿಯಿಂದ ಮನೆಮಂದಿಯೆಲ್ಲ ಬಾದಾಮಿಗೆ ಹೊರಟಿದ್ದೇವೆ. ಮೂರು ರೂಮ್, ಎರಡು ರಾತ್ರಿ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಅಗ್ಗವೋ, ಹೋಟೆಲ್‌ಗೇ ಫೋನ್ ಮಾಡಿದರೆ ಅಗ್ಗವೋ? ಆ್ಯಪ್‌ನಲ್ಲಿ ಪಾಯಿಂಟ್ಸ್ ಬೇರೆ ಸಿಗುತ್ತವೆ.

ಉತ್ತರ: ನಮ್ಮದೂ ಮೂರು ರೂಮ್, ಎರಡು ರಾತ್ರಿ. ಅದೇ ಬಾದಾಮಿ, ಅದೇ ಬೆಳಗಾವಿಯಿಂದ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಆ ಡಿಸೆಂಬರ್ ನೆನಪಾಯಿತು.

ಆ್ಯಪ್‌ನಲ್ಲಿ ಒಂದು ರೂಮಿಗೆ ರಾತ್ರಿಗೆ ತೆರಿಗೆ ಸೇರಿ 2,400 ರೂಪಾಯಿ ಇತ್ತು. ಒಟ್ಟು 14,400. ಕೂಪನ್ ಹಾಕಿದ ಮೇಲೆ 13,400 ಆಯಿತು. ಹೋಟೆಲ್‌ಗೆ ಫೋನ್ ಮಾಡಿದರೆ 2,150ಕ್ಕೆ ಕೊಡುತ್ತೇವೆ ಅಂದರು, ಅಂದರೆ 12,900. ಐನೂರು ರೂಪಾಯಿ ವ್ಯತ್ಯಾಸ ಅಷ್ಟೇ. ಆ್ಯಪ್‌ನಲ್ಲಿ ಉಚಿತ ಕ್ಯಾನ್ಸಲೇಶನ್ ಇದೆ, ಮುಂದಿನ ಸಲಕ್ಕೆ ಪಾಯಿಂಟ್ಸೂ ಬರುತ್ತವೆ ಅಂತ ಆ್ಯಪ್‌ನಲ್ಲೇ ಪೂರ್ತಿ ದುಡ್ಡು ಕಟ್ಟಿದೆ. ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ತಪ್ಪಿರಲಿಲ್ಲ.

ನಾವು ಹೋಗಬೇಕಿದ್ದದ್ದು 20ಕ್ಕೆ. 17ರ ರಾತ್ರಿ ಗೋಕಾಕದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಮರುದಿನ ಬೆಳಗ್ಗೆ ಗೋಕಾಕಕ್ಕೆ ಹೊರಡುವ ಗಡಿಬಿಡಿಯಲ್ಲೇ ಎಂಟೂವರೆಗೆ ಹೋಟೆಲ್‌ಗೆ ಫೋನ್ ಮಾಡಿ ವಿಷಯ ಹೇಳಿದೆ. ಕೌಂಟರ್‌ನಲ್ಲಿದ್ದ ಹುಡುಗ ತುಂಬಾ ಒಳ್ಳೆಯ ಮಾತಾಡಿದ. ‘ಆತು ಬಿಡ್ರಿ ಸರ್, ನಾವು ಕ್ಯಾನ್ಸಲ್ ಅಂತ ಬರ್ಕೋತೀವಿ. ನೀವ್ ಕಾಳಜಿ ಮಾಡಬ್ಯಾಡ್ರಿ’ ಅಂದ. ನಾನು ಫೋನ್ ಇಟ್ಟೆ. ಕೆಲಸ ಮುಗಿಯಿತು ಅಂದುಕೊಂಡೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಇದನ್ನೇ ಮಾಡುತ್ತಾರೆ.

ಆ್ಯಪ್‌ನಲ್ಲಿ ‘18 ಡಿಸೆಂಬರ್, ಬೆಳಗ್ಗೆ 11:59ರವರೆಗೆ ಉಚಿತ’ ಅಂತ ಇತ್ತು. ನಾನು ಫೋನ್ ಮಾಡಿದಾಗ ಇನ್ನೂ ಮೂರೂವರೆ ಗಂಟೆ ಬಾಕಿ. ಆ್ಯಪ್ ತೆರೆದು ಕ್ಯಾನ್ಸಲ್ ಒತ್ತಿದ್ದರೆ ದುಡ್ಡು ಪೂರ್ತಿ ವಾಪಸ್. ಎರಡು ನಿಮಿಷದ ಕೆಲಸ. ಒತ್ತಲಿಲ್ಲ. ರೂಮ್ ಕೊಡುವವರು ಹೋಟೆಲ್‌ನವರು, ಅವರೇ ಒಪ್ಪಿದ ಮೇಲೆ ಇನ್ನೇನು ಅಂತ ನನ್ನ ಲೆಕ್ಕ. ಆದರೆ ನನ್ನ ದುಡ್ಡು ಹೋಟೆಲ್ ಹತ್ತಿರ ಇರಲೇ ಇಲ್ಲ. ಆ್ಯಪ್‌ನಲ್ಲಿ ಮೊದಲೇ ಕಟ್ಟಿದ ದುಡ್ಡು ಆ್ಯಪ್ ಹತ್ತಿರವೇ ಇರುತ್ತದೆ. ನಮ್ಮ ಬುಕಿಂಗ್‌ನ ದುಡ್ಡು ಕಮಿಷನ್ ಕಳೆದು ಹೋಟೆಲ್‌ಗೆ ಹೋಗುವುದು ನಾವು ಇಳಿದುಕೊಳ್ಳುವ ದಿನ ಕಳೆದ ಮೇಲೆ. ಹುಡುಗ ಗೀಟು ಎಳೆದದ್ದು ಕೌಂಟರ್ ಮೇಲಿನ ರಿಜಿಸ್ಟರ್‌ನಲ್ಲಿ. ಆ್ಯಪ್‌ನ ಲೆಕ್ಕದಲ್ಲಿ ನನ್ನ ಬುಕಿಂಗ್ ಹಾಗೇ ಗಟ್ಟಿಯಾಗಿತ್ತು. 20ಕ್ಕೆ ನಾವು ಹೋಗಲಿಲ್ಲ, ಅದು ‘ನೋ ಶೋ’ ಆಯಿತು. ನೋ ಶೋ ಅಂದರೆ ಹೇಳದೆ ಬಾರದವರು. ನನ್ನ ಬುಕಿಂಗ್‌ನ ನಿಯಮದ ಪ್ರಕಾರ ಅದಕ್ಕೆ ಪೂರ್ತಿ ದುಡ್ಡು ಹೋಗುತ್ತದೆ.

ಹದಿಮೂರನೇ ದಿನದ ಕಾರ್ಯ ಮುಗಿಸಿ ಬಂದು ನೋಡಿದಾಗಲೇ ಗೊತ್ತಾದದ್ದು. ಆ್ಯಪ್‌ನವರು ಹೋಟೆಲ್‌ಗೆ ಫೋನ್ ಮಾಡಿ ಕೇಳಿದರು. ಆ ಹೊತ್ತಿಗೆ ಕೌಂಟರ್‌ನಲ್ಲಿದ್ದವರು ಬೇರೆಯವರು. ‘ನಮಗೆ ಅಂಥಾ ಫೋನ್ ಬಂದಿಲ್ಲ’ ಅಂದರು. ದೂರು ಮುಚ್ಚಿದರು. ಆಮೇಲೆ ಮಾಲೀಕರನ್ನೇ ಹಿಡಿದು 18ರ ಬೆಳಗಿನ ಕಾಲ್ ಲಾಗ್ ತೋರಿಸಿದೆ. ಅವರು ಲೆಕ್ಕ ತೆಗೆದು ನೋಡಿದರು. ಕಮಿಷನ್ ಹೋಗಿ ಅವರಿಗೆ ಬಂದಿದ್ದು 11,200. ಎರಡು ರೂಮ್ ಬೇರೆಯವರಿಗೆ ಕೊಟ್ಟಿದ್ದರಿಂದ ಅರ್ಧ, ಅಂದರೆ 5,600 ವಾಪಸ್ ಹಾಕಿದರು. ಅದೂ ಅವರ ದೊಡ್ಡ ಮನಸ್ಸು. ನನಗೆ 7,800 ಹೋಯಿತು. ನಾನು ಆಸೆಪಟ್ಟ ಪಾಯಿಂಟ್ಸ್ ಕೂಡ ಬರಲಿಲ್ಲ, ಅವು ಉಳಿದುಕೊಂಡ ಮೇಲೆಯೇ ಜಮಾ ಆಗುವಂಥವು.

ಹಾಗಾಗಿ ನನ್ನ ಪ್ರಕಾರ ಯಾವುದು ಅಗ್ಗ ಅನ್ನುವ ಪ್ರಶ್ನೆಯೇ ಸರಿಯಲ್ಲ. ದುಡ್ಡು ಯಾರ ಕೈಯಲ್ಲಿರುತ್ತದೆ, ಎಷ್ಟು ಗಂಟೆಯವರೆಗೆ ವಾಪಸ್ ಬರುತ್ತದೆ, ಇವೆರಡನ್ನು ಕೇಳಿ. ಆ್ಯಪ್‌ನಲ್ಲಿ ಕಟ್ಟಿದ್ದನ್ನು ಆ್ಯಪ್‌ನಲ್ಲೇ ಕ್ಯಾನ್ಸಲ್ ಮಾಡಿ, ಕ್ಯಾನ್ಸಲ್ ಆಯಿತು ಅನ್ನುವ ಮೇಲ್ ಬಂದ ಮೇಲೆ ಬೇಕಾದರೆ ಹೋಟೆಲ್‌ಗೆ ತಿಳಿಸಿ. ‘24 ಗಂಟೆ ಮೊದಲು’ ಅಂತ ಇದ್ದರೆ ಅದನ್ನು ಸಾಮಾನ್ಯವಾಗಿ ಹೋಟೆಲ್‌ನ ಚೆಕ್ ಇನ್ ಹೊತ್ತಿನಿಂದ ಎಣಿಸುತ್ತಾರೆ, ನೀವು ರಾತ್ರಿ ಮುಟ್ಟುವ ಹೊತ್ತಿನಿಂದಲ್ಲ. ಗಡುವು ದಾಟಿಹೋಗಿದ್ದರೆ ಮಾತ್ರ ಮೊದಲು ಹೋಟೆಲ್‌ಗೆ ಫೋನ್ ಮಾಡಿ. ಆಗಲೂ ಬರೀ ಬಾಯಿಮಾತು ಸಾಲದು. ಬುಕಿಂಗ್ ನಂಬರ್ ಹಾಕಿ ‘ಚಾರ್ಜ್ ಬಿಟ್ಟುಕೊಡಲು ಒಪ್ಪಿದ್ದೇವೆ’ ಅಂತ ಮೇಲ್ ಹಾಕಿಸಿಕೊಂಡು ಆ್ಯಪ್‌ನವರಿಗೆ ಕಳಿಸಿ.

ಬೆಲೆಯ ವಿಷಯ. ಆ್ಯಪ್ ಮತ್ತು ಹೋಟೆಲ್‌ನ ವೆಬ್‌ಸೈಟ್‌ನಲ್ಲಿ ಎಷ್ಟೋ ಸಲ ಒಂದೇ ರೇಟ್ ಕಾಣುತ್ತದೆ ಅಲ್ವಾ? ನಮಗಿಂತ ಕಡಿಮೆ ರೇಟ್ ಬೇರೆಲ್ಲೂ ತೋರಿಸಬಾರದು ಅಂತ ಆ್ಯಪ್‌ಗಳು ಹೋಟೆಲ್‌ಗಳ ಜೊತೆ ಕರಾರು ಮಾಡಿಕೊಳ್ಳುತ್ತಿದ್ದವು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿದ್ದಕ್ಕೆ ಇಂಥ ಕರಾರೂ ಒಂದು ಕಾರಣ. ಫೋನ್‌ನಲ್ಲಿ ಹೇಳುವ ರೇಟ್ ಯಾವ ಪರದೆಯ ಮೇಲೂ ಕಾಣುವುದಿಲ್ಲ. ಕಮಿಷನ್ ಉಳಿಯುವುದರಿಂದ ಸಣ್ಣ ಹೋಟೆಲ್‌ನವರಿಗೆ ಅಲ್ಲಿ ಇಳಿಸಲು ಜಾಗ ಇರುತ್ತದೆ.

ಆದರೆ ಆ ಫೋನ್ ರೇಟ್ ಹಿಡಿದುಕೊಂಡು ಆ್ಯಪ್‌ನವರಿಗೆ ‘ಬೆಲೆ ಸರಿಹೊಂದಿಸಿ’ ಅಂದರೆ ನಡೆಯುವುದಿಲ್ಲ. ಎಲ್ಲರಿಗೂ ಕಾಣುವ ರೇಟ್ ಇರಬೇಕು. ಅದೇ ದಿನ, ಅದೇ ರೂಮ್, ಅದೇ ತಿಂಡಿ, ಅದೇ ಕ್ಯಾನ್ಸಲ್ ನಿಯಮ ಆಗಿರಬೇಕು. ನನಗೆ ಫೋನ್‌ನಲ್ಲಿ ಹೇಳಿದ 2,150ರಲ್ಲಿ ತಿಂಡಿ ಸೇರಿರಲಿಲ್ಲ, ಆ್ಯಪ್‌ನ 2,400ರಲ್ಲಿ ಸೇರಿತ್ತು. ಅದನ್ನೂ ನಾನು ಆಮೇಲೆ ಗಮನಿಸಿದ್ದು. ಆರೆಂಟು ಜನರ ಎರಡು ದಿನದ ತಿಂಡಿ ಲೆಕ್ಕ ಹಾಕಿದರೆ ಐನೂರು ರೂಪಾಯಿ ಅಲ್ಲೇ ಮುಗಿಯುತ್ತದೆ.

ಪಾಯಿಂಟ್ಸ್‌ಗೆ ನಾನು ಬೆಲೆ ಕೊಡುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಹೋಗುವವರಿಗೆ ಅವು ಬಳಸುವ ಮೊದಲೇ ಅವಧಿ ಮುಗಿದಿರುತ್ತದೆ. ಮ್ಯಾರಿಯಟ್‌ನಂಥ ದೊಡ್ಡ ಚೈನ್‌ಗಳಲ್ಲಿ ಆಗಾಗ ಇಳಿಯುವವರ ಮಾತು ಬೇರೆ. ಬೇರೆ ಆ್ಯಪ್‌ನಿಂದ ಬುಕ್ ಮಾಡಿದರೆ ಆ ಚೈನ್‌ನ ಪಾಯಿಂಟ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ, ಅವರು ನೇರವಾಗಿಯೇ ಮಾಡಬೇಕು. ಬಾದಾಮಿಯಂಥ ಊರಲ್ಲಿ ಗುರುತಿನ ಗಿರಾಕಿಗೆ ಸಿಗುವ ಸವಲತ್ತೇ ಬೇರೆ. ಡ್ರೈವರ್‌ಗೆ ಮಲಗಲು ಜಾಗ, ಅಜ್ಜಿಗೆ ಕೆಳಗಿನ ಮಹಡಿಯ ರೂಮ್, ಮಕ್ಕಳಿಗೆ ಒಂದು ಹೆಚ್ಚಿನ ಗಾದಿ. ಇವು ಯಾವ ಆ್ಯಪ್‌ನಲ್ಲೂ ಒತ್ತಿದರೆ ಬರುವುದಿಲ್ಲ.

ನಾನೀಗ ಆ್ಯಪ್‌ನಲ್ಲಿ ಫೋಟೋ, ರೇಟ್, ಜನರ ಅಭಿಪ್ರಾಯ ನೋಡುತ್ತೇನೆ. ಬುಕ್ ಮಾಡುವುದು ಫೋನ್‌ನಲ್ಲಿ. ನಂಬರ್ ಮಾತ್ರ ಎರಡು ಕಡೆ ತಾಳೆ ನೋಡುತ್ತೇನೆ, ಮ್ಯಾಪ್‌ನಲ್ಲಿ ಹೋಟೆಲ್ ಹೆಸರಿಗೆ ಮೋಸಗಾರರ ನಂಬರ್ ಸೇರಿಸಿರುವುದು ಉಂಟು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹೋಟೆಲ್ ಹೆಸರು ಬರದಿದ್ದರೆ ದುಡ್ಡು ಹಾಕುವುದಿಲ್ಲ. ಹೊರಡುವುದು ಖಾತ್ರಿ ಇಲ್ಲದಿದ್ದರೆ ಮಾತ್ರ ಆ್ಯಪ್, ಅದರಲ್ಲೂ ‘ಹೋಟೆಲ್‌ನಲ್ಲಿ ಕಟ್ಟಿ’ ಅನ್ನುವ ಆಯ್ಕೆ ಇದ್ದರೆ.

ನೇರವಾಗಿ ಮಾಡಿದರೂ ಬಾಯಿಮಾತಿಗೆ ಬಿಡಬೇಡಿ. ಒಂದು ರೂಮಿನ ಒಂದು ರಾತ್ರಿಯಷ್ಟು ಅಡ್ವಾನ್ಸ್ ಸಾಕು, ಪೂರ್ತಿ ಕಟ್ಟಬೇಡಿ. ಕಟ್ಟುವ ಮೊದಲು ನಾನು ವಾಟ್ಸಾಪ್‌ನಲ್ಲಿ ಹೀಗೆ ಕಳಿಸುತ್ತೇನೆ: ‘ಮೂರು ರೂಮ್, ಎರಡು ರಾತ್ರಿ, 20 ಮತ್ತು 21. ರೂಮಿಗೆ ರಾತ್ರಿಗೆ 2,150, ತೆರಿಗೆ ಮತ್ತು ತಿಂಡಿ ಸೇರಿ. ಅಡ್ವಾನ್ಸ್ 2,150. 18ರ ಮಧ್ಯಾಹ್ನ 12ರೊಳಗೆ ಹೇಳಿದರೆ ಅಡ್ವಾನ್ಸ್ ಪೂರ್ತಿ ವಾಪಸ್. ಒಪ್ಪಿಗೆಯೇ?’ ಅವರಿಂದ ‘ಹೌದು’ ಅಂತ ಬಂದ ಮೇಲೆಯೇ ದುಡ್ಡು ಹಾಕುತ್ತೇನೆ.