ಬಿದ್ದ ಶೇರನ್ನೇ ಮತ್ತೆ ಮತ್ತೆ ಕೊಂಡರೆ ಅದು ಎಸ್‌ಐಪಿ ಅಲ್ಲ

ಪ್ರಶ್ನೆ: ನಾನು ಖಾಸಗಿ ಶಾಲೆಯಲ್ಲಿ ಟೀಚರ್. ತಿಂಗಳಿಗೆ 2,000 ರೂಪಾಯಿ ಉಳಿಯುತ್ತದೆ. ಒಂದು ಒಳ್ಳೆಯ ಕಂಪನಿಯ ಶೇರನ್ನೇ ಪ್ರತಿ ತಿಂಗಳು ತೆಗೆದುಕೊಂಡರೆ ಅದೂ ಎಸ್‌ಐಪಿ ಅಲ್ವಾ? ರೇಟು ಬಿದ್ದಾಗ ಜಾಸ್ತಿ ಶೇರು ಸಿಗುತ್ತದೆ, ಏವರೇಜ್ ಇಳಿಯುತ್ತದೆ. ಮ್ಯೂಚುವಲ್ ಫಂಡಿನವರಿಗೆ ಸುಮ್ನೆ ಕಮಿಷನ್ ಯಾಕೆ ಕೊಡಬೇಕು?
(ಬದಿಯಡ್ಕದ ಓದುಗರು)

ಟೀಚರ್, ಈ ಪ್ರಶ್ನೆ ನಿಮ್ಮೊಬ್ಬರದ್ದಲ್ಲ. ಕುಂಬಳೆಯಿಂದಲೂ ಬರುತ್ತದೆ, ಪೆರ್ಲದಿಂದಲೂ ಬರುತ್ತದೆ. ಎಲ್ಲರೂ ಹೇಳುವ ಮಾತು ಒಂದೇ, "ಏವರೇಜ್ ಇಳಿಯುತ್ತದೆ". ಇಳಿಯುತ್ತದೆ ಮಾರಾಯ್ರೇ, ಇಲ್ಲ ಎಂದವರು ಯಾರು? ಆದರೆ ಏವರೇಜ್ ಇಳಿದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಬಿದ್ದದ್ದು ಮತ್ತೆ ಏಳಬೇಕು. ಏಳುತ್ತದೆ ಎಂಬ ಭರವಸೆ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ಇವತ್ತು ಜಾಗದ ಹೆಚ್ಚಿನ ಪಾಲು ನಿಮಗೆ.

ನಡೆದ ಸಂಗತಿಯನ್ನೇ ತೆಗೆದುಕೊಳ್ಳುವ. 2018ರ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕ್ ಶೇರು 400 ರೂಪಾಯಿ ಮುಟ್ಟಿತ್ತು. ಆಗ ಅದು ಮೂಲೆಯ ಕಂಪನಿಯಲ್ಲ, ದೇಶದ ದೊಡ್ಡ ಕಂಪನಿಗಳ ಪಟ್ಟಿಯಾದ ನಿಫ್ಟಿಯ 50 ಕಂಪನಿಗಳಲ್ಲಿ ಒಂದು. ನೀವು ಅವತ್ತು ಕೇಳಿದ್ದರೆ ಹತ್ತರಲ್ಲಿ ಎಂಟು ಜನ "ಒಳ್ಳೆಯ ಕಂಪನಿ" ಎಂದೇ ಹೇಳುತ್ತಿದ್ದರು. ಆ ಸೆಪ್ಟೆಂಬರ್ ಕೊನೆಗೆ ಅದು 200ರ ಕೆಳಗೆ ಬಂತು. 2019ರ ಜುಲೈಯಲ್ಲಿ 100ರ ಕೆಳಗೆ, ಸೆಪ್ಟೆಂಬರ್ ಕೊನೆಗೆ 50ರ ಕೆಳಗೆ.

ಈಗ ನಿಮ್ಮ ಲೆಕ್ಕವನ್ನು ಇಲ್ಲಿ ಕೂರಿಸಿ. 400 ಇದ್ದಾಗ 2,000 ಹಾಕಿದಿರಿ, 5 ಶೇರು ಬಂತು. 200ಕ್ಕೆ ಇಳಿದಾಗ 10 ಶೇರು. 100ಕ್ಕೆ 20, 50ಕ್ಕೆ 40. ಒಟ್ಟು 8,000 ರೂಪಾಯಿ, 75 ಶೇರು. 400 ಇದ್ದ ನಿಮ್ಮ ಏವರೇಜ್ ಸುಮಾರು 107ಕ್ಕೆ ಇಳಿಯಿತು. ಮೊಬೈಲಿನಲ್ಲಿ ನೋಡಲು ತುಂಬಾ ಸಮಾಧಾನ. ಎಂಟನೇ ಒಂದು ರೇಟಿಗೆ ಸಿಕ್ಕಿತಲ್ಲ, ಇನ್ನು 107 ದಾಟಿದರೆ ಸಾಕು, ಲಾಭ ಶುರು.

2020ರ ಮಾರ್ಚ್ 5ರಂದು ಸಂಜೆ ರಿಸರ್ವ್ ಬ್ಯಾಂಕ್ ಆ ಬ್ಯಾಂಕಿನ ಮೇಲೆ ನಿರ್ಬಂಧ ಹಾಕಿತು. ಖಾತೆಯಿಂದ 50,000ಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಎಂದಿತು. ಮರುದಿನ ಶೇರು ನಿಂತದ್ದು 16 ರೂಪಾಯಿಯ ಆಸುಪಾಸಿನಲ್ಲಿ. ನಿಮ್ಮ 75 ಶೇರಿಗೆ 1,200 ರೂಪಾಯಿ. ಹಾಕಿದ 8,000ದಲ್ಲಿ 6,800 ಹೋಯಿತು. ಇಷ್ಟು ಶಿಸ್ತಾಗಿ ಏವರೇಜ್ ಮಾಡಿದ್ದಕ್ಕೆ ಸಿಕ್ಕ ಫಲ ಇದು. ಇನ್ನೊಂದು ಉಂಟು. ಮುಂದಿನ ವಾರದ ಕೊನೆಗೆ ಬಂದ ಸರಕಾರದ ಯೋಜನೆಯಲ್ಲಿ, 100ಕ್ಕಿಂತ ಜಾಸ್ತಿ ಶೇರು ಇದ್ದವರ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರುವಂತಿಲ್ಲ ಎಂದು ಕಟ್ಟಿಹಾಕಿದರು. 75 ಇದ್ದದ್ದರಿಂದ ನೀವು ಬಚಾವ್. ಇನ್ನೊಂದೆರಡು ತಿಂಗಳು "ಅಗ್ಗಕ್ಕೆ ಸಿಗುತ್ತದೆ" ಎಂದು ಕೊಂಡಿದ್ದರೆ ಅದೂ ಇಲ್ಲ.

"ಕೆಟ್ಟ ಸುದ್ದಿ ಬಂದ ಕೂಡಲೇ ನಾನು ನಿಲ್ಲಿಸುತ್ತಿದ್ದೆ" ಎನ್ನುತ್ತೀರಿ, ಗೊತ್ತು. ಸುದ್ದಿ ಬಂದಿತ್ತಲ್ಲ. ಬ್ಯಾಂಕಿನ ಮುಖ್ಯಸ್ಥರಿಗೆ 2019ರ ಜನವರಿ ಕೊನೆಯ ತನಕ ಮಾತ್ರ ಅವಕಾಶ ಎಂದು ರಿಸರ್ವ್ ಬ್ಯಾಂಕ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ಅದು ಗೊತ್ತಾದ ಮೇಲೆ ಒಂದೇ ದಿನದಲ್ಲಿ ಶೇರು ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಮೊದಲ ಸಲ ತ್ರೈಮಾಸಿಕ ನಷ್ಟ ತೋರಿಸಿತು. ಆಗಲೂ ಹಾಗೆಯೇ. ನೋಡಿ, ಸುದ್ದಿ ಮತ್ತು ಬೀಳುವುದು ಒಟ್ಟಿಗೇ ಬರುತ್ತವೆ. ನೀವು ಮಧ್ಯಾಹ್ನ ಕ್ಲಾಸು ಮುಗಿಸಿ ಮೊಬೈಲ್ ತೆರೆಯುವಾಗ ಕೆಲಸ ಮುಗಿದಿರುತ್ತದೆ. ಅವತ್ತು ನಿಮ್ಮ ಮುಂದಿರುವುದು ಎರಡೇ ದಾರಿ, ನಷ್ಟಕ್ಕೆ ಮಾರುವುದು ಅಥವಾ ಏವರೇಜ್ ಮಾಡುವುದು. ಏವರೇಜ್ ಮಾಡಿಯೇ ಅಭ್ಯಾಸ ಆದವರು ಯಾವುದನ್ನು ಮಾಡುತ್ತಾರೆ ಎಂದು ನಾನು ಹೇಳಬೇಕಾ?

ಈಗ ಅದೇ 2,000ವನ್ನು, ನಿಫ್ಟಿಯ 50 ಕಂಪನಿಗಳನ್ನೂ ಅದೇ ಪಾಲಿನಲ್ಲಿ ಕೊಳ್ಳುವ ನಿಫ್ಟಿ 50 ಇಂಡೆಕ್ಸ್ ಫಂಡಿಗೆ ಹಾಕಿದವರ ಕತೆ ನೋಡುವ. ಅವರ ಹತ್ತಿರವೂ ಯೆಸ್ ಬ್ಯಾಂಕ್ ಇತ್ತು! ಆದರೆ 50 ಕಂಪನಿಗಳಲ್ಲಿ ಒಂದಾಗಿ, ಸಣ್ಣ ಪಾಲಿನಲ್ಲಿ. ನಿಫ್ಟಿಯಲ್ಲಿ ಕಂಪನಿಯ ಪಾಲು ನಿಲ್ಲುವುದು ಮಾರುಕಟ್ಟೆಯಲ್ಲಿ ಅದರ ಬೆಲೆಯ ಮೇಲೆ. ಶೇರು ಬಿದ್ದ ಹಾಗೆ ಪಾಲೂ ತಾನಾಗಿ ಕುಗ್ಗುತ್ತದೆ. ಬಿದ್ದದ್ದಕ್ಕೆ ಹೊಸ ದುಡ್ಡು ಜಾಸ್ತಿ ಹೋಗುವುದಿಲ್ಲ, ಕಡಿಮೆ ಹೋಗುತ್ತದೆ. ನಿಮ್ಮ ಏವರೇಜ್ ಮಾಡಿದ್ದಕ್ಕೆ ನೇರ ಉಲ್ಟಾ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕನ್ನು ನಿಫ್ಟಿಯಿಂದ ತೆಗೆದು ಶ್ರೀ ಸಿಮೆಂಟನ್ನು ಸೇರಿಸಿದರು. ಫಂಡಿನಲ್ಲಿ ದುಡ್ಡು ಹಾಕಿದವರಿಗೆ ಇದು ಗೊತ್ತಾಗಬೇಕೆಂದೇ ಇರಲಿಲ್ಲ.

ಅಡಿಕೆ ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಳಿ ಕೊಳೆತ ಮರವನ್ನು ಕಡಿದು ಅದೇ ಜಾಗದಲ್ಲಿ ಸಸಿ ಇಟ್ಟರೆ ತೋಟ ಉಳಿಯುತ್ತದೆ. ಕೊಳೆತ ಮರದ ಬುಡಕ್ಕೇ ಗೊಬ್ಬರ ಸುರಿಯುತ್ತಾ ಕೂತರೆ ಗೊಬ್ಬರವೂ ಹೋಗುತ್ತದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ನಿಫ್ಟಿಯ ಪಟ್ಟಿಯನ್ನು ಪರಿಶೀಲಿಸಿ ಬದಲಿಸುತ್ತಾರೆ. ತುರ್ತು ಇದ್ದರೆ ಮಧ್ಯದಲ್ಲೂ ಬದಲಾಗುತ್ತದೆ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಲೆಕ್ಕದ ಮೋಸ ಹೊರಬಿದ್ದಾಗ, ಒಂದೇ ವಾರದೊಳಗೆ ಅದನ್ನು ತೆಗೆದಿದ್ದರು. ಬಿದ್ದ ಮಾರುಕಟ್ಟೆ ಏಳುತ್ತದೆ ಎಂಬ ಭರವಸೆ ಬರುವುದು ಇಲ್ಲಿಂದಲೇ. ಏಳಲಾಗದವರನ್ನು ತೆಗೆದು ಬೇರೆಯವರನ್ನು ತರುವ ವ್ಯವಸ್ಥೆ ಅಲ್ಲಿ ಉಂಟು. ಒಂದು ಶೇರಿನೊಳಗೆ ಅಂಥದ್ದು ಯಾವುದೂ ಇಲ್ಲ.

ಅದೇ 2020ರ ಮಾರ್ಚ್ 23ಕ್ಕೆ ನಿಫ್ಟಿ ಸೂಚ್ಯಂಕ ಕೂಡ 7,610ಕ್ಕೆ ಬಿದ್ದಿತ್ತು. ಜನವರಿಯಲ್ಲಿ 12,300 ದಾಟಿತ್ತು. ನವೆಂಬರ್‌ನಲ್ಲಿ ಮತ್ತೆ ಆ ಮಟ್ಟ ದಾಟಿತು. ಆ ತಿಂಗಳುಗಳಲ್ಲಿ ಎಸ್‌ಐಪಿ ನಿಲ್ಲಿಸದವರಿಗೆ ಏವರೇಜ್ ನಿಜಕ್ಕೂ ಕೆಲಸಕ್ಕೆ ಬಂತು. ಯೆಸ್ ಬ್ಯಾಂಕ್ ಶೇರು ಆ 400ರ ಹತ್ತಿರ ಮತ್ತೆ ಸುಳಿದಿಲ್ಲ.

ಹಾಗೆಂದು ಇಂಡೆಕ್ಸ್ ಫಂಡು ಬ್ಯಾಂಕಿನ ಎಫ್‌ಡಿ ಅಲ್ಲ. 2008ರ ಜನವರಿಯಲ್ಲಿ 6,200 ದಾಟಿದ್ದ ನಿಫ್ಟಿ, 2013ರ ಕೊನೆಯಲ್ಲೂ 6,300ರ ಆಸುಪಾಸಿನಲ್ಲೇ ಇತ್ತು. ಮಧ್ಯದಲ್ಲಿ ಅರ್ಧಕ್ಕಿಂತ ಕೆಳಗೂ ಹೋಗಿ ಬಂತು. ಆದ್ದರಿಂದ ಮೂರು ವರ್ಷದಲ್ಲಿ ಮದುವೆಗೋ ಮನೆಯ ಮಾಡಿಗೋ ಬೇಕಾದ ದುಡ್ಡನ್ನು ಇಲ್ಲಿ ಹಾಕಬೇಡಿ. ಏಳೆಂಟು ವರ್ಷ ಮುಟ್ಟದ ದುಡ್ಡು ಮಾತ್ರ. ಆಸ್ಪತ್ರೆ ಖರ್ಚಿಗೆಂದು ಬೇರೆ ದುಡ್ಡು ಬ್ಯಾಂಕಿನಲ್ಲಿ ಇಲ್ಲದಿದ್ದರೆ, ಮೊದಲು ಅದನ್ನು ಮಾಡಿ, ಆಮೇಲೆ ನನಗೆ ಬರೆಯಿರಿ.

ಇನ್ನು ನಿಮ್ಮ ಕಮಿಷನ್. ಫಂಡಿನಲ್ಲಿ ಡೈರೆಕ್ಟ್ ಪ್ಲಾನ್ ಎಂದು 2013ರಿಂದ ಉಂಟು, ಅದರಲ್ಲಿ ಏಜೆಂಟರ ಕಮಿಷನ್ನೇ ಇಲ್ಲ. ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನಿನಲ್ಲಿ ಒಂದು ಲಕ್ಷಕ್ಕೆ ವರ್ಷಕ್ಕೆ 200 ರೂಪಾಯಿ ಆಸುಪಾಸು ಖರ್ಚು. ಈಗ ಶೇರಿನ ಖರ್ಚು ನೋಡಿ. ನಿಮ್ಮ ಬ್ರೋಕರ್ ಒಂದು ಆರ್ಡರಿಗೆ 20 ರೂಪಾಯಿ ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಜಿಎಸ್‌ಟಿ ಸೇರಿ 23.60. 2,000ದ ಮೇಲೆ ಎಸ್‌ಟಿಟಿ ಎಂಬ ತೆರಿಗೆ 2 ರೂಪಾಯಿ. ಮಾರುವಾಗ ಇಷ್ಟೂ ಮತ್ತೊಮ್ಮೆ, ಅದರ ಮೇಲೆ ಡಿಮ್ಯಾಟ್ ಖಾತೆಯ ಡಿಪಿ ಚಾರ್ಜ್ ಎಂದು 15ರಿಂದ 20. ಕೊಂಡು ಮಾರುವಷ್ಟರಲ್ಲಿ 70 ರೂಪಾಯಿಯ ಹತ್ತಿರ, ಅಂದರೆ ಶೇಕಡ 3ಕ್ಕಿಂತ ಜಾಸ್ತಿ. ಬ್ರೋಕರೇಜ್ ಇಲ್ಲದ ಕಡೆ ಇದು ಕಡಿಮೆಯಾಗುತ್ತದೆ, ನಿಜ. ಆದರೆ ಸಣ್ಣ ಮೊತ್ತಕ್ಕೆ ಹೊರೆ ಯಾವ ಕಡೆ ಎಂದು ಲೆಕ್ಕ ಹಾಕದೆ ಕಮಿಷನ್ ಎಂದು ಕೂಗಬೇಡಿ.

ಮಾಡುವುದಿಷ್ಟೆ. ಫಂಡ್ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ನಿಫ್ಟಿ 50 ಇಂಡೆಕ್ಸ್ ಫಂಡ್, ಡೈರೆಕ್ಟ್, ಗ್ರೋತ್ ಎಂದು ಮೂರನ್ನೂ ನೋಡಿ ಆರಿಸಿ. ರೆಗ್ಯುಲರ್ ಎಂದಿದ್ದರೆ ಅದು ಕಮಿಷನ್ ಇರುವ ಪ್ಲಾನ್, ಹಿಂದೆ ಬನ್ನಿ. ಇದಕ್ಕೆ ಡಿಮ್ಯಾಟ್ ಬೇಡ. ನಾಮಿನಿ ಹಾಕದೆ ಮುಂದೆ ಹೋಗಬೇಡಿ. ಎರಡು ಮೂರು ಕಂಪನಿಗಳ ಇದೇ ಫಂಡು ಹೋಲಿಸುವುದಾದರೆ, ಖರ್ಚು ಕಡಿಮೆ ಇರುವುದು ಮತ್ತು ನಿಫ್ಟಿಯ ಲಾಭದಿಂದ ಕಡಿಮೆ ಹಿಂದೆ ಬಿದ್ದದ್ದು ಯಾವುದು ಎಂದು ನೋಡಿದರೆ ಸಾಕು. ನಾಲ್ಕು ನಿಫ್ಟಿ ಫಂಡು ತೆಗೆದುಕೊಂಡು "ನಾಲ್ಕು ಕಡೆ ಹಂಚಿದೆ" ಎಂದು ಬರೆಯುವವರಿದ್ದಾರೆ. ನಾಲ್ಕರೊಳಗೂ ಅದೇ 50 ಕಂಪನಿ, ಅಲ್ವಾ?

ಶೇರಿನ ಆಸೆ ತೀರಲೇ ಇಲ್ಲ ಎಂದಾದರೆ, ಫಂಡಿನಲ್ಲಿ ಒಂದು ಲಕ್ಷ ಆದ ಮೇಲೆ ಒಂದು ಕಂಪನಿಗೆ 5,000ಕ್ಕಿಂತ ಜಾಸ್ತಿ ಹಾಕಬೇಡಿ. ಅದರ ವಾರ್ಷಿಕ ವರದಿ ಓದಿ. ಪ್ರವರ್ತಕರು ತಮ್ಮ ಶೇರನ್ನು ಅಡವಿಟ್ಟಿದ್ದಾರಾ, ಆಡಿಟರ್ ಮಧ್ಯದಲ್ಲಿ ಬಿಟ್ಟು ಹೋಗಿದ್ದಾರಾ ನೋಡಿ. ಬಿದ್ದರೆ ಎರಡನೇ ಸಲ ದುಡ್ಡು ಹಾಕಬೇಡಿ. ಇದು ನನ್ನ ಹೆದರಿಕೆ ಎಂದೇ ಇಟ್ಟುಕೊಳ್ಳಿ, ನಾನು ಬದಲಾಯಿಸುವುದಿಲ್ಲ.

ಪ್ರಶ್ನೆ: ಹೊಸ ಫಂಡು 10 ರೂಪಾಯಿಗೆ ಬರುತ್ತಿದೆ, ಹಳೆಯದು 200 ಉಂಟು. ಹೊಸದು ಅಗ್ಗ ಅಲ್ವಾ?
(ಉಪ್ಪಳ)

ಅಲ್ಲ. ಎರಡರೊಳಗಿರುವ ಶೇರುಗಳು ಶೇಕಡ 10 ಏರಿದರೆ ಎರಡರಲ್ಲೂ ನಿಮಗೆ ಬರುವುದು ಶೇಕಡ 10. ಇದನ್ನು ಕೇಳಬೇಡಿ ಎಂದು ಹೋದ ಸಲವೂ ಬರೆದಿದ್ದೆ.

ಪ್ರಶ್ನೆ: ಒಂದು ವಾಟ್ಸಾಪ್ ಗುಂಪಿನಲ್ಲಿ 8 ರೂಪಾಯಿಯ ಶೇರು ಹೇಳುತ್ತಾರೆ. ಮೊದಲ ಎರಡು ಸಲ ಏರಿತು. ಸೇರಬಹುದಾ?
(ಮುಳ್ಳೇರಿಯ)

ನಿಮಗೆ ಹೇಳುವ ಮೊದಲೇ ಅವರು ಕೊಂಡಿರುತ್ತಾರೆ, ನೀವೆಲ್ಲ ಕೊಂಡಾಗ ಏರುತ್ತದೆ, ಅವರು ನಿಮಗೇ ಮಾರಿ ಹೋಗುತ್ತಾರೆ. ಆಮೇಲೆ ಮಾರಲು ಹೊರಟರೆ ಕೊಳ್ಳುವವರೇ ಇರುವುದಿಲ್ಲ. ಹೇಳುವವರಿಗೆ ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಕೊಟ್ಟ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ವೆಬ್‌ಸೈಟಿನಲ್ಲಿ ಹುಡುಕಿ. ಕೇಳಿದ ಕೂಡಲೇ ಗುಂಪಿನಿಂದ ತೆಗೆದರೆ ಉತ್ತರ ಸಿಕ್ಕಿತು.

ಪ್ರಶ್ನೆ: ಆಪ್ಷನ್ ಟ್ರೇಡಿಂಗ್ ಮಾಡಿ ತಿಂಗಳ ಖರ್ಚು ತೆಗೆಯಬಹುದಾ?
(ಮಂಜೇಶ್ವರ)

ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ 2021-22ರಿಂದ 2023-24ರ ಮೂರು ವರ್ಷದಲ್ಲಿ ಕಳೆದುಕೊಂಡರು ಎಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಉಳಿದ ಏಳರಲ್ಲಿ ನೀವೊಬ್ಬರು ಎಂದು ಅನಿಸಿದರೆ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಊರಲ್ಲಿದ್ದಾಗ ಶುರು ಮಾಡಿದ ಎಸ್‌ಐಪಿ ಹಾಗೇ ನಡೆಯುತ್ತಿದೆ. ತೊಂದರೆ ಇಲ್ವಾ?
(ನೀರ್ಚಾಲು)

ಉಂಟು. ಎನ್‌ಆರ್‌ಐ ಆದ ಮೇಲೆ ಊರಿನ ಸಾಮಾನ್ಯ ಖಾತೆಯಿಂದ ಹೀಗೆ ನಡೆಸುವಂತಿಲ್ಲ. ಬ್ಯಾಂಕ್ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು ಅಥವಾ ಎನ್‌ಆರ್‌ಇ ತೆರೆಯಬೇಕು. ಫಂಡಿನ ಕೆವೈಸಿಯಲ್ಲಿ ಎನ್‌ಆರ್‌ಐ ಎಂದು ಬದಲಿಸಬೇಕು. ಮುಂದಿನ ರಜೆಗೆ ಬಂದಾಗ ನೋಡುವ ಎನ್ನಬೇಡಿ, ಈಗಲೇ ಬ್ಯಾಂಕಿಗೆ ಬರೆಯಲು ಹೇಳಿ.