ಮೂಸಂಬಿ ಸಿಪ್ಪೆಯ ಲೆಕ್ಕ

*ಸಂಪಾದಕರೇ, ಗೋಳವನ್ನು ತೆಳ್ಳಗಿನ ಬಿಲ್ಲೆಗಳಾಗಿ ಕತ್ತರಿಸಿ πy² dx ಕೂಡಿಸಿದರೆ ಘನಫಲ (4/3)πr³ ಸರಿಯಾಗಿ ಬರುತ್ತದೆ. ಅದೇ ಬಿಲ್ಲೆಗಳ ಅಂಚನ್ನು 2πy dx ಎಂದು ಕೂಡಿಸಿದರೆ ಮೇಲ್ಮೈ 4πr² ಬರಬೇಕಲ್ಲವೇ? ನನಗೆ π²r² ಬರುತ್ತಿದೆ. ಮೂರು ಸಲ ಮಾಡಿದೆ. ಒಂದಕ್ಕೆ ಒಪ್ಪಿದ ಬಿಲ್ಲೆ ಇನ್ನೊಂದಕ್ಕೆ ಯಾಕೆ ಒಪ್ಪುವುದಿಲ್ಲ?*
*— ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ*

ನಿಮ್ಮ ಅನುಕಲನ ಸರಿಯಾಗಿದೆ. ಎಡವಿದ್ದು ಅದಕ್ಕೂ ಮೊದಲು, ಅಂಚಿನ ಅಗಲವನ್ನು dx ಎಂದು ಹಿಡಿದಲ್ಲಿ.

8 ಸೆಂ.ಮೀ. ವ್ಯಾಸದ, ಆದಷ್ಟು ಗುಂಡಗಿರುವ ಒಂದು ಮೂಸಂಬಿ ತೆಗೆದುಕೊಳ್ಳಿ. ಅದನ್ನು 1 ಸೆಂ.ಮೀ. ದಪ್ಪದ ಎಂಟು ಹೋಳು ಮಾಡಿ. ನಡುವಿನ ಹೋಳಿನ ಸಿಪ್ಪೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ. ಅದರ ಅಗಲ 1.01 ಸೆಂ.ಮೀ. ತುದಿಯ ಹೋಳನ್ನು ನೋಡಿ. ದಪ್ಪ ಅದೇ 1 ಸೆಂ.ಮೀ., ಆದರೆ ಸಿಪ್ಪೆ ಓರೆಯಾಗಿ ಮಲಗಿದೆ. ತುದಿಯಿಂದ ಅಂಚಿನವರೆಗೆ ದಾರ ಹಿಡಿದು ಅಳೆದರೆ ಸುಮಾರು 2.9 ಸೆಂ.ಮೀ. ನಿಮ್ಮ ಸೂತ್ರ ಈ ಓರೆಯನ್ನು ಕಾಣುವುದೇ ಇಲ್ಲ. ನಡುವಿನ ಹೋಳಿಗೆ ಅದು 24.9 ಚದರ ಸೆಂ.ಮೀ. ಕೊಡುತ್ತದೆ, ನಿಜ 25.1. ಅಲ್ಲಿ ತಪ್ಪು ಗೊತ್ತೇ ಆಗುವುದಿಲ್ಲ. ತುದಿಯ ಹೋಳಿಗೆ ಕೊಡುವುದು ಬರೀ 11.4, ಅಲ್ಲೂ ನಿಜ 25.1.

ಹೌದು, ಎರಡು ಕಡೆಯೂ 25.1. ಅಚ್ಚಿನ ತಪ್ಪಲ್ಲ, ಅದಕ್ಕೇ ಬರುತ್ತಿದ್ದೇನೆ.

ಗೋಳದ ಮೇಲಿನ ಒಂದು ಬಿಂದುವಿನಿಂದ ಅಕ್ಷಕ್ಕೆ ಲಂಬ ಎಳೆಯಿರಿ. ವಿಕರ್ಣ r, ಒಂದು ಬಾಹು y ಇರುವ ಲಂಬಕೋನ ತ್ರಿಭುಜ ಸಿಕ್ಕಿತು. ಅದೇ ಬಿಂದುವಿನಲ್ಲಿ ಮೇಲ್ಮೈಯ ಸಣ್ಣ ತುಂಡು ds ಅನ್ನು ವಿಕರ್ಣವಾಗಿ, dx ಅನ್ನು ಬಾಹುವಾಗಿ ಇಟ್ಟು ಪುಟ್ಟ ತ್ರಿಭುಜ ಬರೆಯಿರಿ. ಸ್ಪರ್ಶಕ ತ್ರಿಜ್ಯಕ್ಕೆ ಲಂಬವಾಗಿರುವುದರಿಂದ ಎರಡೂ ಸಮರೂಪ. ಹಾಗಾಗಿ ds/dx = r/y, ಅಂದರೆ y ds = r dx. ಪಟ್ಟಿಯ ವಿಸ್ತೀರ್ಣ 2πy ds. ಅದು 2πr dx ಆಗಿಬಿಡುತ್ತದೆ. y ಮಾಯ! ತುದಿಗೆ ಹೋದಂತೆ ಪಟ್ಟಿಯ ಸುತ್ತಳತೆ ಎಷ್ಟು ಪಟ್ಟು ಕುಗ್ಗುತ್ತದೋ ಅಗಲ ಅಷ್ಟೇ ಪಟ್ಟು ಹಿಗ್ಗುತ್ತದೆ. x ಅನ್ನು −r ನಿಂದ r ವರೆಗೆ ಓಡಿಸಿದರೆ 2πr × 2r = 4πr². (x = r ನಲ್ಲಿ dy/dx ಅನಂತವಾಗುತ್ತದೆ ಎಂದು ಯಾರಾದರೂ ತಕರಾರು ತೆಗೆದರೆ, ಕೋನ θ ಹಿಡಿದು 2πr² sin θ dθ ಅನ್ನು 0 ಯಿಂದ π ವರೆಗೆ ಮಾಡಿ ತೋರಿಸಿ.)

ಹಾಗಾದರೆ ಘನಫಲಕ್ಕೆ ಈ ಓರೆ ಯಾಕೆ ಅಡ್ಡ ಬರಲಿಲ್ಲ? ನೇರ ಅಂಚಿನ ಬಿಲ್ಲೆಗೂ ನಿಜವಾದ ಹೋಳಿಗೂ ನಡುವೆ ಸಣ್ಣ ಬೆಣೆಯಾಕಾರದ ಉಂಗುರ ಉಳಿಯುತ್ತದೆ. ಅರ್ಧಗೋಳದ ಇಂಥ ಉಂಗುರಗಳನ್ನೆಲ್ಲ ಒಂದರೊಳಗೊಂದು ಜೋಡಿಸಿದರೂ ಅವು ನಡುವಿನ ಒಂದೇ ಬಿಲ್ಲೆಯೊಳಗೆ, πr² × ದಪ್ಪದಷ್ಟು ಜಾಗದಲ್ಲಿ, ಅಡಗುತ್ತವೆ. ಬಿಲ್ಲೆ ತೆಳುವಾದಂತೆ ಆ ಜಾಗವೇ ಸೊನ್ನೆಯತ್ತ ಹೋಗುತ್ತದೆ. ಮೇಲ್ಮೈಯ ತಪ್ಪು ಹಾಗೆ ಕರಗುವುದಿಲ್ಲ. y = r/2 ಇರುವಲ್ಲಿ ds ಯಾವಾಗಲೂ dx ನ ಎರಡು ಪಟ್ಟು. ಬಿಲ್ಲೆ ಕಾಗದದಷ್ಟು ತೆಳುವಾದರೂ ಅಲ್ಲಿ ಅರ್ಧ ಸಿಪ್ಪೆ ಲೆಕ್ಕದಿಂದ ಬಿಟ್ಟೇ ಹೋಗುತ್ತದೆ.

ಈಗ ಆ 25.1ಕ್ಕೆ ಬರೋಣ. h ಅಂತರದ ಎರಡು ಸಮಾಂತರ ಸಮತಲಗಳ ನಡುವಿನ ಪಟ್ಟಿಯ ವಿಸ್ತೀರ್ಣ 2πrh. ಎರಡೂ ಸಮತಲಗಳು ಗೋಳವನ್ನು ತಾಗಿದರೆ ಸಾಕು, ಎಲ್ಲಿ ಕತ್ತರಿಸಿದಿರಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಹಣ್ಣಿನಲ್ಲಿ 2π × 4 × 1. ಎಂಟು ಹೋಳಿಗೂ ಸಮಪಾಲು ಸಿಪ್ಪೆ. ತಿರುಳು ಮಾತ್ರ ತುದಿಯವನಿಗೆ ಮೋಸ.

ಇಲ್ಲಿ h ಅಂದರೆ ಸಮತಲಗಳ ನಡುವಿನ ನೇರ ಅಂತರ. ಇದನ್ನು ಮೇಲ್ಮೈ ಗುಂಟ ಅಳೆದು, ಇಲ್ಲವೇ ಡಿಗ್ರಿಯಲ್ಲಿ ಹಿಡಿದು ಕೆಡಿಸುವವರೇ ಹೆಚ್ಚು. ಭೂಮಿಯನ್ನು ಗೋಳ ಎಂದುಕೊಳ್ಳಿ. ಸಮಭಾಜಕದಿಂದ 30° ಉತ್ತರಕ್ಕೂ, 60° ಯಿಂದ ಧ್ರುವಕ್ಕೂ ಡಿಗ್ರಿ ಅಷ್ಟೇ. ಆದರೆ ಮೊದಲನೆಯದರ h = r sin 30° = 0.5r, ಎರಡನೆಯದರದ್ದು r(1 − sin 60°) = 0.134r. ಹಾಗಾಗಿ ಉತ್ತರಾರ್ಧದ ಸರಿ ಅರ್ಧ 30° ಯ ಕೆಳಗೇ ಇದೆ, 60° ಯ ಮೇಲಿರುವುದು ಶೇ. 13.4 ಮಾತ್ರ. ಮೊಟ್ಟೆಗೋ ಸೌತೆಕಾಯಿಗೋ ಇದನ್ನು ಹಚ್ಚಬೇಡಿ; y ds = r dx ಬಂದದ್ದು ಗೋಳದ ತ್ರಿಜ್ಯದಿಂದ.

ನಿಮಗಿಂತ ಮುಂಚೆ ಇಲ್ಲಿ ಜಾರಿದವರು ಸಣ್ಣವರಲ್ಲ. ಎಂಟನೇ ಶತಮಾನದ ಲಲ್ಲ ವೃತ್ತದ ವಿಸ್ತೀರ್ಣವನ್ನು ಪರಿಧಿಯಿಂದ ಗುಣಿಸಿ ಗೋಳದ ಮೇಲ್ಮೈ ಎಂದುಬಿಟ್ಟಿದ್ದ. ಎರಡನೇ ಭಾಸ್ಕರ ಅದನ್ನು ಖಂಡಿಸಿ, ಗೋಳದ ಪರಿಧಿಯನ್ನು 96 ಭಾಗ ಮಾಡಿ, ಉಂಗುರ ಉಂಗುರವಾಗಿ ಮೇಲ್ಮೈಯನ್ನು ಕೂಡಿಸಿದ. ಲೀಲಾವತಿಯಲ್ಲಿ ಉತ್ತರವನ್ನು ವೃತ್ತದ ವಿಸ್ತೀರ್ಣದ ನಾಲ್ಕು ಪಟ್ಟು, ಚೆಂಡಿಗೆ ಸುತ್ತಿದ ಬಲೆಯ ಹಾಗೆ ಎನ್ನುತ್ತಾನೆ. ಅವನ ಉಂಗುರಗಳ ಅಗಲ ಪರಿಧಿಯ 96ನೇ ಒಂದು ಭಾಗ: ಚೆಂಡಿನ ಮೈಮೇಲೆಯೇ ಅಳೆದದ್ದು.

— ಸಂ.