ಫಿಲ್ಟರ್ ಕೊಟ್ಟಿದ್ದು ಔಟ್‌ಪುಟ್, ಔಟ್‌ಕಮ್ ಯಾವುದು?

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. 600 ಮನೆಗಳಿಗೆ ನೀರಿನ ಫಿಲ್ಟರ್ ಕೊಟ್ಟು, ಬಳಸೋದು ಹೇಗೆ ಅಂತ ತರಬೇತಿ ಕೊಡುವ ಯೋಜನೆ. ದುಡ್ಡು ಕೊಡುವ ಸಂಸ್ಥೆಯಿಂದ ಪ್ರಪೋಸಲ್ ವಾಪಸ್ ಬಂದಿದೆ. ಔಟ್‌ಪುಟ್, ಔಟ್‌ಕಮ್ ಎರಡೂ ಒಂದೇ ಥರ ಇವೆ, ಮಾನಿಟರಿಂಗ್ ಪ್ಲಾನ್ ಸಾಲದು ಅಂತಾರೆ. ಯೋಜನೆಯ ಕೆಲಸ, ಗುರಿ, ಅಳತೆಗಳನ್ನು ಒಂದೇ ಟೇಬಲ್‌ನಲ್ಲಿ ತೋರಿಸುವ ಲಾಗ್‌ಫ್ರೇಮ್ ಹೇಗೆ ಸರಿಮಾಡೋದು?

ಉತ್ತರ: ನನ್ನ ಮೊದಲ ಲಾಗ್‌ಫ್ರೇಮ್ ಕೂಡ ಹೀಗೇ ವಾಪಸ್ ಬಂದಿತ್ತು. ಔಟ್‌ಕಮ್ ಸಾಲಿನಲ್ಲಿ ನಾನು ‘ತರಬೇತಿ ಪಡೆದ ಕುಟುಂಬಗಳ ಸಂಖ್ಯೆ’ ಎಂದು ಬರೆದಿದ್ದೆ. ನೀವೂ ಹೆಚ್ಚುಕಮ್ಮಿ ಅದನ್ನೇ ಬರೆದಿರಬೇಕು.

ನಾನು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ದುಡ್ಡು ಮತ್ತು ಸಿಬ್ಬಂದಿ ಇದ್ದರೆ ಇದನ್ನು ನಾವೇ ಮುಗಿಸಬಹುದಾ? ಹೌದು ಎಂದಾದರೆ ಅದು ಔಟ್‌ಪುಟ್. ಬೇರೆಯವರು ಮನಸ್ಸು ಮಾಡಿದರೆ ಮಾತ್ರ ಆಗುತ್ತದೆ ಎಂದಾದರೆ ಔಟ್‌ಕಮ್. ಫಿಲ್ಟರ್ ಖರೀದಿಸುವುದು, ತರಬೇತಿ ನಡೆಸುವುದು ನಿಮ್ಮ ಚಟುವಟಿಕೆ. 600 ಮನೆಗಳಲ್ಲಿ ಫಿಲ್ಟರ್ ಕೂರಿಸಿದೆ, ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಅದನ್ನು ತೊಳೆಯಲು ಬರುತ್ತದೆ ಎಂಬುದು ಔಟ್‌ಪುಟ್. ಆ ಮನೆಯವರು ದಿನವೂ ಅದರ ನೀರನ್ನೇ ಕುಡಿಯುತ್ತಾರೆ ಎಂಬುದು ಔಟ್‌ಕಮ್. ಚಿಕ್ಕ ಮಕ್ಕಳಲ್ಲಿ ಭೇದಿ ಕಡಿಮೆಯಾಗುವುದು ಅದಕ್ಕೂ ಮೇಲಿನ ಗುರಿ. ಅದನ್ನು ನೀವೊಬ್ಬರೇ ಸಾಧಿಸುತ್ತೀರಿ ಎಂದು ಮಾತು ಕೊಡಬೇಡಿ. ಶೌಚ, ಕೈ ತೊಳೆಯುವುದು, ಊಟ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ.

ಈಗ ಟೇಬಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ. ಫಿಲ್ಟರ್ ಮನೆಯಲ್ಲಿದೆ, ತೊಳೆಯಲೂ ಬರುತ್ತದೆ. ಇಷ್ಟಿದ್ದರೆ ಜನ ಬಳಸುತ್ತಾರಾ? ಆರು ತಿಂಗಳಲ್ಲಿ ಕ್ಯಾಂಡಲ್ ಒಡೆದರೆ ಹೊಸದು ಎಲ್ಲಿ ಸಿಗುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ಊಹೆಗಳ ಕಾಲಂನಲ್ಲಿ ಬರೆದು ಸುಮ್ಮನಾಗಬೇಡಿ. ಕ್ಯಾಂಡಲ್ ಸಿಗುವ ವ್ಯವಸ್ಥೆ ಮಾಡುವುದನ್ನೂ ಒಂದು ಚಟುವಟಿಕೆಯಾಗಿ ಸೇರಿಸಿ. ನಿಮ್ಮ ಕೈ ಮೀರಿದ ಸಂಗತಿ ಮಾತ್ರ ಆ ಕಾಲಂನಲ್ಲಿರಲಿ, ನೀರಿನ ಮೂಲ ಬತ್ತದಿರುವುದು ಇತ್ಯಾದಿ.

ಮುಂದಿನದು ಮೀನ್ಸ್ ಆಫ್ ವೆರಿಫಿಕೇಶನ್, ಅಂದರೆ ಆಗಿದೆ ಎನ್ನುವುದಕ್ಕೆ ಸಾಕ್ಷಿ ಎಲ್ಲಿ ಸಿಗುತ್ತದೆ ಎಂಬುದು. ಹೆಚ್ಚಿನವರು ಇಲ್ಲಿ ‘ವರದಿಗಳು, ಫೋಟೋಗಳು’ ಎಂದು ಬರೆದು ಮುಗಿಸುತ್ತಾರೆ. ಫಿಲ್ಟರ್ ತಲುಪಿದ್ದಕ್ಕೆ ಸಹಿ ಇರುವ ವಿತರಣಾ ರಿಜಿಸ್ಟರ್ ಸಾಕು. ತೊಳೆಯಲು ಬರುತ್ತದಾ ಎಂದು ತಿಳಿಯಲು ತರಬೇತಿಯ ಹಾಜರಿ ಪಟ್ಟಿ ಸಾಲದು, ಅವರೇ ತೊಳೆದು ತೋರಿಸಬೇಕು. ಔಟ್‌ಕಮ್ ಇನ್ನೂ ಕಷ್ಟ. ‘ಫಿಲ್ಟರ್ ಬಳಸ್ತೀರಾ?’ ಎಂದು ಕೇಳಿದರೆ ಕೊಟ್ಟವರ ಮುಖ ನೋಡಿ ಯಾರು ಇಲ್ಲ ಅಂತಾರೆ? ಹಾಗಾಗಿ ಕೇಳುವ ಬದಲು ನೋಡಬೇಕು. ಹೇಳದೆ ಹೋದ ದಿನ ಫಿಲ್ಟರಿನಲ್ಲಿ ನೀರಿದೆಯಾ, ಕ್ಯಾಂಡಲ್ ಒದ್ದೆಯಾಗಿದೆಯಾ, ಕುಡಿಯಲು ನೀರು ಕೊಡಿ ಎಂದರೆ ಯಾವ ಪಾತ್ರೆಯಿಂದ ಕೊಡುತ್ತಾರೆ. ಕೆಲವು ಮನೆಗಳ ಕುಡಿಯುವ ನೀರಿನಲ್ಲಿ, ಮಲ ಬೆರೆತಿದೆ ಎಂದು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಮಾಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಕಾಣಬಾರದು. ಇಂಡಿಕೇಟರನ್ನು, ಅಂದರೆ ಬದಲಾವಣೆ ಅಳೆಯುವ ಅಳತೆಯನ್ನು, ಹೀಗೆ ಬರೆಯಿರಿ: ‘ಫಿಲ್ಟರ್ ಕೊಟ್ಟ 12ನೇ ತಿಂಗಳಲ್ಲಿ, ಮುನ್ಸೂಚನೆ ಇಲ್ಲದ ಭೇಟಿಯ ವೇಳೆ, ಫಿಲ್ಟರ್ ಬಳಕೆಯಲ್ಲಿದ್ದ ಮನೆಗಳ ಶೇಕಡಾವಾರು.’

600 ಮನೆಗೂ ಹೋಗಬೇಕಿಲ್ಲ. ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದರೆ, ಶೇ. 95 ವಿಶ್ವಾಸಮಟ್ಟದಲ್ಲಿ, ಅಂದರೆ ನೂರರಲ್ಲಿ 95 ಸಲ ನಿಜವಾದ ಸಂಖ್ಯೆಯಿಂದ 10 ಶೇಕಡಾ ಅಂಶದೊಳಗೇ ಆಚೀಚೆ ಇರುವ ಲೆಕ್ಕಕ್ಕೆ ಸುಮಾರು 83 ಮನೆ ಸಾಕು. ಬೀಗ ಹಾಕಿದ ಮನೆಗಳೂ ಇರುತ್ತವೆ, 95 ಎಂದು ಇಟ್ಟುಕೊಳ್ಳಿ. ಓಡಾಟ ಉಳಿಸಲು ನಾಲ್ಕೈದು ಊರು ಮಾತ್ರ ಆರಿಸಿದರೆ ಈ ಲೆಕ್ಕ ನಡೆಯುವುದಿಲ್ಲ. ಒಂದೇ ಊರಿನ ಮನೆಗಳು ಒಂದರಂತೆ ಇನ್ನೊಂದು ಇರುತ್ತವೆ, ಹಾಗಾಗಿ ಜಾಸ್ತಿ ಮನೆ ಬೇಕಾಗುತ್ತದೆ.

ಮಾನಿಟರಿಂಗ್ ಪ್ಲಾನ್ ಅಂದರೆ ಪ್ರತಿ ಇಂಡಿಕೇಟರಿನ ಮುಂದೆ ಯಾರು, ಯಾವಾಗ, ಯಾವ ಫಾರಂನಲ್ಲಿ, ಯಾವ ದುಡ್ಡಿನಲ್ಲಿ ಎಂದು ಬರೆಯುವುದು. ಫಿಲ್ಟರ್ ಹಂಚಿದ ಕಾರ್ಯಕರ್ತರೇ ಬಳಕೆಯನ್ನೂ ಅಳೆಯುವುದು ಬೇಡ. ಸರ್ವೆ, ಪರೀಕ್ಷೆಯ ಕಿಟ್, ಓಡಾಟದ ಖರ್ಚು ಬಜೆಟ್‌ನಲ್ಲಿ ಕಾಣಬೇಕು. ಕಾಣದಿದ್ದರೆ ಓದುವವರಿಗೆ ಆ ಕಾಲಂ ಸುಮ್ನೆ ತುಂಬಿಸಿದ್ದು ಅಂತ ಗೊತ್ತಾಗಿಬಿಡುತ್ತದೆ.

ನಾನು ಎಡವಿದ ಇನ್ನೊಂದು ಜಾಗ ಇದೆ. ಬೇಸ್‌ಲೈನ್ ಸರ್ವೆ ಮಳೆಗಾಲದಲ್ಲಿ ಮಾಡಿದೆವು, ಕೊನೆಯ ಸರ್ವೆ ಚಳಿಗಾಲದಲ್ಲಿ. ಕಳೆದ ಏಳು ದಿನಗಳಲ್ಲಿ ಮಗುವಿಗೆ ಭೇದಿ ಆಗಿತ್ತಾ ಎಂದು ಎರಡೂ ಸಲ ಕೇಳಿದೆವು. ಸಂಖ್ಯೆ ಚೆನ್ನಾಗಿಯೇ ಇಳಿದಿತ್ತು, ನಾವೂ ಖುಷಿಪಟ್ಟೆವು. ಆಮೇಲೆ ಫಿಲ್ಟರ್ ಇಲ್ಲದ ಪಕ್ಕದ ಊರಿನಲ್ಲಿ ಕೇಳಿದರೆ ಅಲ್ಲೂ ಇಳಿದಿತ್ತು! ಆದ್ದರಿಂದ ಎರಡು ಸರ್ವೆಗಳೂ ಒಂದೇ ಋತುವಿನಲ್ಲಿ ಬರುವಂತೆ ಕ್ಯಾಲೆಂಡರ್ ಹಾಕಿ, ಮೊದಲನೆಯದು ಫಿಲ್ಟರ್ ಹಂಚುವ ಮೊದಲೇ ಮುಗಿಯಲಿ. ಯೋಜನೆ ಹತ್ತೇ ತಿಂಗಳದ್ದಾದರೆ ಅದೇ ಋತು ಮತ್ತೆ ಸಿಗುವುದಿಲ್ಲ, ಹಾಗಾಗಿ ಭೇದಿಯ ಅಂಕಿಯನ್ನು ಕೈಬಿಟ್ಟು, ಬಳಕೆ ಮತ್ತು ನೀರಿನ ಪರೀಕ್ಷೆಗೆ ಮಾತ್ರ ಮಾತು ಕೊಡಿ. ಆಗ ಇಂಡಿಕೇಟರಿನಲ್ಲಿರುವ 12ನೇ ತಿಂಗಳನ್ನೂ 9ಕ್ಕೆ ಇಳಿಸಲು ಮರೆಯಬೇಡಿ.